48 ಡೆಸಿಬೆಲ್ ಅಂಕ, ಕಾಣೆಯಾದ ಒಂದು ಗೆರೆ

ಹಳೆಯ ಕನ್ನಡ ಪುಸ್ತಕದ ಸ್ಕ್ಯಾನ್‌ಗಳನ್ನು ಸ್ವಚ್ಛಗೊಳಿಸುವ ತಂತ್ರಾಂಶಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸುವ ರೂಢಿಯ ದಾರಿ ಒಂದಿದೆ. ಒಳ್ಳೆಯ ಪುಟವೊಂದನ್ನು ಬೇಕೆಂದೇ ಕೆಡಿಸಿ, ತಂತ್ರಾಂಶದಿಂದ ರಿಪೇರಿ ಮಾಡಿಸಿ, ಬಂದದ್ದನ್ನು ಮೂಲದೊಂದಿಗೆ ಹೋಲಿಸಿ ಅಂಕ ಕೊಡುವುದು. ಪಿಎಸ್‌ಎನ್‌ಆರ್ ಎಂಬ ಅಂಕದ ಸೂತ್ರ ಚಿಕ್ಕದು:

```
PSNR = 10 · log10(255² / MSE)
```

ಪ್ರತಿ ಪಿಕ್ಸೆಲ್‌ನ ವ್ಯತ್ಯಾಸವನ್ನು ವರ್ಗ ಮಾಡಿ ಇಡೀ ಪುಟಕ್ಕೆ ಸರಾಸರಿ ತೆಗೆದದ್ದೇ ಇಲ್ಲಿನ MSE. ಅಂಕ ಹೆಚ್ಚಿದಷ್ಟೂ ಒಳ್ಳೆಯದು ಎಂದು ಲೆಕ್ಕ.

ಉದ್ದಗಲ ಸಾವಿರ ಪಿಕ್ಸೆಲ್‌ಗಳ ಒಂದು ಪುಟವನ್ನು ಊಹಿಸಿಕೊಳ್ಳಿ. ಅದರಲ್ಲಿ ಎಲ್ಲೋ ಒಂದು ‘ಧ’ ಇದೆ. ಅದನ್ನು ‘ದ’ದಿಂದ ಬೇರೆ ಮಾಡುವುದು ಕೆಳಗಿನ ಸೀಳುಗೆರೆ ಮಾತ್ರ: 3 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರ ಎನ್ನೋಣ. ಚುಕ್ಕೆಗಳನ್ನು ಅಳಿಸಲು 7×7ರ ಮೀಡಿಯನ್ ಫಿಲ್ಟರ್ ಓಡಿಸಿದರೆ, ಆ ಗೆರೆ ಕಿಟಕಿಯ 49 ಪಿಕ್ಸೆಲ್‌ಗಳಲ್ಲಿ ಹೆಚ್ಚೆಂದರೆ 21ನ್ನು ತುಂಬುತ್ತದೆ. ಅರ್ಧಕ್ಕಿಂತ ಕಡಿಮೆಯಾದ್ದರಿಂದ, ಪಕ್ಕದಲ್ಲಿ ಬೇರೆ ಮಸಿ ಇಲ್ಲದಿದ್ದರೆ, ಅದು ಚುಕ್ಕೆಯಂತೆಯೇ ಅಳಿಸಿಹೋಗುತ್ತದೆ. ಮಸಿಗೂ ಕಾಗದಕ್ಕೂ 200 ಮಟ್ಟಗಳ ಅಂತರವಿದ್ದರೆ ಈ 24 ಪಿಕ್ಸೆಲ್‌ಗಳ ತಪ್ಪು ಪುಟದ ಸರಾಸರಿಗೆ ಸೇರಿಸುವುದು 0.96 ಮಾತ್ರ. ಬೇರೇನೂ ಕೆಡದಿದ್ದರೆ ಅಂಕ 48 ಡೆಸಿಬೆಲ್ ದಾಟುತ್ತದೆ. ಇನ್ನೊಂದು ತಂತ್ರಾಂಶ ಒಂದಕ್ಷರವನ್ನೂ ಮುಟ್ಟದೆ, ಇಡೀ ಪುಟವನ್ನು 10 ಮಟ್ಟ ಬೆಳ್ಳಗೆ ಮಾಡಿತು ಎನ್ನಿ. ಅದಕ್ಕೆ ಸಿಗುವುದು ಬರೀ 28. ಮೊದಲನೆಯದು ಅಂಥ ಐವತ್ತು ಅಕ್ಷರಗಳನ್ನು ಕೆಡಿಸಿದರೂ 31ಕ್ಕೆ ನಿಲ್ಲುತ್ತದೆ, ಎಂದರೆ ಓದುಗನಿಗೆ ಏನೂ ತೊಂದರೆ ಕೊಡದ ತಂತ್ರಾಂಶಕ್ಕಿಂತ ಇನ್ನೂ ಮೇಲೆಯೇ!

ಇದಕ್ಕೆ ಉತ್ತರವಾಗಿ ಎಸ್‌ಎಸ್‌ಐಎಂ ಬಂತು. ಝೌ ವಾಂಗ್, ಬೋವಿಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಈ ಅಳತೆ 11×11ರ ಚಿಕ್ಕ ಕಿಟಕಿಯನ್ನು ಚಿತ್ರದ ಮೇಲೆ ಸರಿಸುತ್ತಾ ಬೆಳಕು, ಕಾಂಟ್ರಾಸ್ಟ್, ರಚನೆ ಮೂರನ್ನೂ ಹೋಲಿಸುತ್ತದೆ. ಬೆಳ್ಳಗಾದ ಪುಟವನ್ನು ಇದು ಬಹುಮಟ್ಟಿಗೆ ಕ್ಷಮಿಸುತ್ತದೆ. ಅಷ್ಟು ನ್ಯಾಯ ಇದಕ್ಕಿದೆ. ಆದರೆ ಕೊನೆಗೆ ಇದೂ ಸರಾಸರಿಗೇ ಇಳಿಯುತ್ತದೆ. ಕಳೆದುಹೋದ ಸೀಳುಗೆರೆಯನ್ನು ಮುಟ್ಟುವ ಕಿಟಕಿಗಳು ಹತ್ತು ಲಕ್ಷದಲ್ಲಿ 234. ಅವೆಲ್ಲಕ್ಕೂ ಸೊನ್ನೆ ಕೊಟ್ಟರೂ ಪುಟದ ಅಂಕ 0.9997ರ ಮೇಲೆಯೇ ಇರುತ್ತದೆ.

ಇನ್ನೊಂದು ಕಡೆ ಇದರ ಶಿಕ್ಷೆ ವಿಪರೀತ ಕಠಿಣ. ಮೂಲ ಸ್ಕ್ಯಾನ್‌ನ ಖಾಲಿ ಅಂಚಿನಲ್ಲಿ ಕಾಗದದ ತರಿ ಸುಮಾರು 5 ಮಟ್ಟ ಏರಿಳಿಯುತ್ತದೆ ಎಂದುಕೊಳ್ಳಿ. ತಂತ್ರಾಂಶ ಅದನ್ನು ನಯವಾಗಿಸಿದರೆ ಅಲ್ಲಿನ ಎಸ್‌ಎಸ್‌ಐಎಂ 0.70ಕ್ಕೆ ಕುಸಿಯುತ್ತದೆ. ಯಾರೂ ಓದದ ಜಾಗದಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ತರಿ ಹೋದದ್ದಕ್ಕೆ ಇಷ್ಟು ದಂಡ! ಮಾದರಿಯೆಂದು ಇಟ್ಟುಕೊಂಡ ಚಿತ್ರದಲ್ಲೇ ತರಿ ಇದ್ದರೆ, ಅದನ್ನು ಉಳಿಸಿಕೊಂಡವನೇ ಗೆಲ್ಲುತ್ತಾನೆ. ಪ್ರಕಟವಾಗುವ ಕೋಷ್ಟಕಗಳಲ್ಲಿ ಮೂರನೆಯ ದಶಾಂಶಕ್ಕೆ ನಡೆಯುವ ಜಗಳ ನೋಡಿದಾಗ ನನಗೆ ಈ ತರಿಯೇ ನೆನಪಾಗುತ್ತದೆ.

ಪಿಎಸ್‌ಎನ್‌ಆರ್‌ಗೆ ಮಸುಕಿನ ಮೇಲೂ ಒಲವಿದೆ. ಗೆರೆ ಇತ್ತೋ ಇಲ್ಲವೋ ಎಂಬ ಅನುಮಾನ ಸಮಸಮ ಇದ್ದಾಗ, ಅದೇ 200 ಮಟ್ಟಗಳ ಅಂತರದಲ್ಲಿ ಕಪ್ಪು ಅಥವಾ ಬಿಳುಪು ಎಂದು ಒಂದನ್ನು ಆರಿಸಿದರೆ ತಪ್ಪಿನ ವರ್ಗದ ನಿರೀಕ್ಷಿತ ಸರಾಸರಿ 20,000; ನಡುವಿನ ಬೂದು ಬಳಿದರೆ 10,000. ಹಾಗಾಗಿ ಈ ಅಂಕಕ್ಕಾಗಿ ಪಳಗಿದ ಮಾದರಿಗಳು ಬೂದು ಬಳಿಯುತ್ತವೆ. 2017ರ ಎಸ್‌ಆರ್‌ಗ್ಯಾನ್ ಪ್ರಬಂಧದಲ್ಲಿ ನೋಡುಗರು ಮೆಚ್ಚಿದ್ದು ಕಡಿಮೆ ಪಿಎಸ್‌ಎನ್‌ಆರ್ ಪಡೆದ ಚೂಪಾದ ಚಿತ್ರಗಳನ್ನೇ. ಆದರೆ ಆ ಚೂಪಿನಲ್ಲಿ ಊಹೆಯೂ ಇರುತ್ತದೆ. ಹುಲ್ಲು, ಕೂದಲಿಗೆ ಅದು ನಡೆದೀತು, ಅಕ್ಷರಕ್ಕೆ ಸಲ್ಲದು.

ಹಾಗಾದರೆ ಕಣ್ಣನ್ನೇ ನಂಬೋಣವೇ? ಅಕ್ಕಪಕ್ಕ ಇಟ್ಟಾಗ ಕಣ್ಣು ಹೆಚ್ಚು ಬೆಳಕಿನ, ಹೆಚ್ಚು ಕಾಂಟ್ರಾಸ್ಟ್‌ನ ಚಿತ್ರದ ಕಡೆಗೇ ವಾಲುತ್ತದೆ. ಆದ್ದರಿಂದ ಮೊದಲು ಎರಡರ ಬೆಳಕನ್ನು ಸರಿಹೊಂದಿಸಬೇಕು. ಹೆಸರು ಮುಚ್ಚಿಡಬೇಕು. 100% ಗಾತ್ರದಲ್ಲಿ ನೋಡಬೇಕು, ಏಕೆಂದರೆ ಚಿತ್ರವನ್ನು ಹಿಗ್ಗಿಸುವಾಗ ಕೆಲವು ವೀಕ್ಷಕ ತಂತ್ರಾಂಶಗಳು ತಾವೇ ನಯಗೊಳಿಸುತ್ತವೆ. ಅಕ್ಕಪಕ್ಕ ಇಡುವುದಕ್ಕಿಂತ ಒಂದೇ ಜಾಗದಲ್ಲಿ ಎರಡನ್ನೂ ಅದಲುಬದಲು ಮಾಡಿದರೆ ಹೋದ ಗೆರೆ ಮಿಣುಕಿ ತಾನೇ ಸಿಕ್ಕಿಬೀಳುತ್ತದೆ. ಯಾವ ಸಾಲುಗಳನ್ನು ನೋಡುವುದು ಎಂಬುದನ್ನು ಫಲಿತಾಂಶ ತೆರೆಯುವ ಮೊದಲೇ ಗುರುತು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಚೆನ್ನಾಗಿ ಬಂದ ತುಣುಕೇ ಕೈಗೆ ಸಿಗುತ್ತದೆ.

ಇಷ್ಟಾದರೂ, ಎರಡರಲ್ಲೂ ಗೆರೆ ಹೋಗಿದ್ದರೆ, ನೀಟಾದ ‘ದ’ ಕಣ್ಣಿಗೆ ತಪ್ಪಾಗಿ ಕಾಣುವುದಿಲ್ಲ. ಮೂಲವನ್ನು ನೋಡದವರೊಬ್ಬರ ಕೈಯಲ್ಲಿ ಪುಟವನ್ನು ನಕಲು ಮಾಡಿಸಿ, ತಪ್ಪಿದ ಅಕ್ಷರಗಳನ್ನು ಎಣಿಸುವುದು ನನಗೆ ಗೊತ್ತಿರುವ ಗಟ್ಟಿ ಪರೀಕ್ಷೆ. ಅದಕ್ಕೆ ಪುರುಸೊತ್ತಿಲ್ಲದವರು ಎಸ್‌ಎಸ್‌ಐಎಂನ ಸರಾಸರಿಯನ್ನು ಬಿಟ್ಟು ಅದರ ನಕ್ಷೆಯನ್ನು ತೆರೆಯಲಿ, ಖಾಲಿ ಕಾಗದವನ್ನು ಮುಚ್ಚಿ, ಮಸಿ ಇರುವಲ್ಲಿ ಅತಿ ಕಡಿಮೆ ಅಂಕದ ಕಲೆಗಳು ಎಲ್ಲಿವೆ ಎಂದು ಹುಡುಕಿ, ಆ ಅಕ್ಷರಗಳನ್ನೇ ಮೊದಲು ಓದಲಿ.