ಕಾಲೋ, ಕಾಳೋ: ಅಮ್ಮ–ಮಗಳ ಸಂದೇಶಗಳ ಒಂದು ಕಥೆ

ಕಳೆದ ಚಳಿಗಾಲದಲ್ಲಿ ನಮ್ಮ ಓದುಬಳಗದ ಸದಸ್ಯೆಯೊಬ್ಬರು ತಾವೇ ಬರೆದ ಸಣ್ಣಕಥೆಯೊಂದನ್ನು ಓದಿದರು. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಅದರ ಬಗ್ಗೆ ಬರೆಯಲು ನನಗೆ ಒಪ್ಪಿಗೆ ಕೊಟ್ಟಿದ್ದಾರೆ. ಕಥೆಗೂ ಇನ್ನೂ ಹೆಸರಿಟ್ಟಿಲ್ಲ. ಮೈಸೂರಿನಲ್ಲಿ ಒಬ್ಬಳೇ ಇರುವ ಅಮ್ಮ, ಲೀಡ್ಸ್‌ನಲ್ಲಿ ಕೆಲಸ ಮಾಡುವ ಮಗಳು. ಡಿಸೆಂಬರಿನಿಂದ ಮಾರ್ಚಿನವರೆಗೆ ಅವರಿಬ್ಬರು ವಾಟ್ಸಾಪಿನಲ್ಲಿ ಕಳಿಸಿಕೊಂಡ ಸಂದೇಶಗಳಷ್ಟೇ ಕಥೆ. ನಡುವೆ ಕಥೆಗಾರ್ತಿಯ ಒಂದು ಮಾತೂ ಇಲ್ಲ. ಅಮ್ಮನ ಕನ್ನಡ ಇಂಗ್ಲಿಷ್ ಅಕ್ಷರಗಳಲ್ಲಿ, ಮಗಳದು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಓದುವ ಅನುಕೂಲಕ್ಕೆ ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಕೊಡುತ್ತಿದ್ದೇನೆ, ಒಂದು ಕಡೆ ಬಿಟ್ಟು.

ಓದು ಮುಗಿದ ಮೇಲೆ ನಮ್ಮ ಹಿರಿಯರೊಬ್ಬರು, "ಇದು ಕಥೆಯೇನಮ್ಮಾ? ಫೋನು ಬಿಚ್ಚಿ ತೋರಿಸಿದ ಹಾಗಿದೆ. ಈ ಕಲಬೆರಕೆ ಭಾಷೆಯನ್ನು ಮನೆಯಲ್ಲಿ ದಿನಾ ಕೇಳುತ್ತೇವಲ್ಲ, ಕಥೆಯಲ್ಲೂ ಬೇಕೆ?" ಎಂದರು. ಕೆಲವರು ನಕ್ಕರು. ನಾನು ಅವತ್ತು ಏನೂ ಹೇಳಲಿಲ್ಲ. ಪ್ರತಿಯನ್ನು ಮನೆಗೆ ತಂದು ಎರಡನೆಯ ಸಲ ಓದಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಕಥೆಯ ಎಂಟನೆಯ ಸಂದೇಶದ ಹೊತ್ತಿಗೇ ಆ ಅಮ್ಮನ ಹೃದಯ ಸೋಲತೊಡಗಿತ್ತು. ಮೂವತ್ತು ವರ್ಷ ಈ ದೇಶದಲ್ಲಿ ಜಿಪಿಯಾಗಿ ರೋಗಿಗಳ ಮಾತು ಕೇಳಿದವನು, ಮೊದಲ ಓದಿನಲ್ಲಿ ಅದನ್ನು ಗಮನಿಸಿಯೇ ಇರಲಿಲ್ಲ.

ಕಥೆಯಲ್ಲಿ ಎಲ್ಲೂ ರೋಗದ ಹೆಸರಿಲ್ಲ. ಡಿಸೆಂಬರಿನಲ್ಲಿ ಅಮ್ಮ ಬರೆಯುತ್ತಾಳೆ: "ನಿನ್ನ ರೂಮಿನ ದಿಂಬೂ ನಾನೇ ತಗೊಂಡೆ, ಎರಡಿದ್ರೆ ಹಿತ." ಮಗಳು ನಗುವ ಮುಖವೊಂದನ್ನು ಕಳಿಸುತ್ತಾಳೆ. ಹತ್ತು ದಿನದ ನಂತರ, "ಕಾಲುಂಗುರ ಬಿಗಿ ಆಯ್ತು, ಸೋಪು ಹಚ್ಚಿ ತೆಗೆದೆ. ಶೆಟ್ಟರ ಅಂಗಡೀಲಿ ದೊಡ್ಡದು ಮಾಡಿಸ್ಬೇಕು." ಆಮೇಲೆ ರಾತ್ರಿ ಒಣಕೆಮ್ಮು, ಅದಕ್ಕೆ ಮೆಣಸಿನ ಕಷಾಯ. ದೇವರ ಪಟಗಳನ್ನು ಮಹಡಿಯಿಂದ ಕೆಳಗೆ ತಂದದ್ದು. ಇವೆಲ್ಲ ಬರುವುದು ಬೇರೆ ಮಾತುಗಳ ನಡುವೆ. ಹಾಲಿನವನು ರಜೆ ಹಾಕಿದ್ದು, ಪಕ್ಕದ ಮನೆಯ ಮದುವೆ, ಹೀಗೆ. ಹೃದಯ ರಕ್ತವನ್ನು ಸರಿಯಾಗಿ ತಳ್ಳದೆ ಹೋದಾಗ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತವೆ. ಹಗಲು ಆ ನೀರು ಕಾಲಿಗೆ ಇಳಿಯುತ್ತದೆ. ರಾತ್ರಿ ಮಲಗಿದಾಗ ಕಾಲಿನಿಂದ ವಾಪಸು ರಕ್ತಕ್ಕೆ ಸೇರಿ ಶ್ವಾಸಕೋಶದಲ್ಲಿ ಒತ್ತುತ್ತದೆ. ಹಾಗಾಗಿ ಒಂದು ದಿಂಬು ಎರಡಾಗುತ್ತದೆ, ಎರಡು ಮೂರಾಗುತ್ತದೆ. ನಿದ್ದೆ ಹತ್ತಿ ಒಂದೆರಡು ಗಂಟೆಯಾದ ಮೇಲೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತದೆ. ಎದ್ದು ಕಿಟಕಿಯ ಬಳಿ ಕೂತರೆ ಸ್ವಲ್ಪ ಹೊತ್ತಿನಲ್ಲಿ ಹಿಡಿತ ಸಡಿಲವಾಗುತ್ತದೆ. "ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ?" ಎಂದು ವೈದ್ಯರು ಕೇಳುವುದು ಇದಕ್ಕೇ.

ಎದ್ದು ಕೂತ ಆ ಹೊತ್ತನ್ನು ಕಥೆಗಾರ್ತಿ ತೋರಿಸಿರುವ ರೀತಿ ನನಗೆ ತುಂಬ ಹಿಡಿಸಿತು. ಪ್ರತಿ ಸಂದೇಶದ ಪಕ್ಕದಲ್ಲಿ ಗಂಟೆ ಇದೆ, ಆದರೆ ಅದು ಮಗಳ ಫೋನಿನ ಗಂಟೆ. ಜನವರಿಯಲ್ಲಿ ಅಮ್ಮನ ಸಂದೇಶಗಳು ರಾತ್ರಿ 8:50, 9:10, 9:25ಕ್ಕೆ ಬರುತ್ತವೆ. ಓದುತ್ತ ಹೋದರೆ ಊಟ ಮುಗಿಸಿ ಹರಟುವ ಹೊತ್ತಿನಂತೆ ಕಾಣುತ್ತದೆ. ಚಳಿಗಾಲದಲ್ಲಿ ನಮಗೂ ಮೈಸೂರಿಗೂ ಐದೂವರೆ ಗಂಟೆ ಅಂತರ. 9:10 ಎಂದರೆ ಅಲ್ಲಿ ನಡುರಾತ್ರಿ ಕಳೆದು 2:40. ಈ ಲೆಕ್ಕವನ್ನು ನಾವೆಲ್ಲ ನಿದ್ದೆಯಲ್ಲೂ ಮಾಡಬಲ್ಲೆವು, ಆದರೂ ಓದುಬಳಗದಲ್ಲಿ ಹದಿನಾಲ್ಕು ಜನರಲ್ಲಿ ಒಬ್ಬರೂ ಮಾಡಲಿಲ್ಲ. ಮಗಳು ಮಾತ್ರ ಒಂದೇ ಸಲ ಕೇಳುತ್ತಾಳೆ, "ಇಷ್ಟೊತ್ತಲ್ಲಿ ಯಾಕೆ ಎದ್ದಿದ್ದೀಯಮ್ಮ?" ಅಮ್ಮ, "ಬಾತ್ರೂಮಿಗೆ ಎದ್ದೆ ಕಣೆ, ಹಾಗೇ ನಿನ್ನ ನೆನಪಾಯ್ತು." ಎರಡನೆಯ ವಾಕ್ಯ ಬಂದ ಮೇಲೆ ಯಾವ ಮಗಳು ಮೊದಲನೆಯದನ್ನು ಮತ್ತೆ ಕೆದಕುತ್ತಾಳೆ?

ಈಗ ಭಾಷೆಯ ವಿಚಾರ. ಕನ್ನಡದ ಜೊತೆ ಇಂಗ್ಲಿಷ್ ಬೆರೆಸಿ ಬರೆಯುವುದು ಹೊಸದಲ್ಲ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಹೋದ ಟಿ.ಪಿ. ಕೈಲಾಸಂ ಆ ಬೆರಕೆಯನ್ನೇ ರಂಗದ ಮೇಲೆ ತಂದು ಜನರನ್ನು ನಗಿಸಿದರು. ಅಲ್ಲಿ ಇಂಗ್ಲಿಷು ಜಂಬದ, ಅವಸರದ ಭಾಷೆ. ಆಡುವವನ ಟೊಳ್ಳು ಸಭೆಗೆಲ್ಲ ಕೇಳಿಸುತ್ತದೆ. ಈ ಕಥೆಯಲ್ಲಿ ಇಂಗ್ಲಿಷಿಗೆ ಬೇರೆಯೇ ಕೆಲಸ. ಇಲ್ಲಿ ಅದು ಮುಚ್ಚಳ. ಅಮ್ಮನ ಮೈ ಯಾವಾಗಲೂ ಕನ್ನಡದಲ್ಲಿ ಮಾತಾಡುತ್ತದೆ: ಬಿಗಿ, ಭಾರ, ಏದುಸಿರು. ಮಗಳು ಗಾಬರಿಯಾದಳು ಎನ್ನಿಸಿದ ಕೂಡಲೇ ಅಮ್ಮ ಇಂಗ್ಲಿಷ್ ಪದವೊಂದನ್ನು ಹುಡುಕುತ್ತಾಳೆ: "ಬರೀ ಗ್ಯಾಸ್ಟ್ರಿಕ್ಕು", "ಬಿಪಿ ನಾರ್ಮಲ್", "ಟೆನ್ಷನ್ ಮಾಡ್ಕೋಬೇಡ". ಗ್ಯಾಸ್ಟ್ರಿಕ್ ಎನ್ನುವ ಪದ ಇಂಗ್ಲಿಷಿನಲ್ಲಿ ಬರೀ ವಿಶೇಷಣ. ನಮ್ಮ ಮನೆಗಳಲ್ಲಿ ಅದು ಒಂದು ಕಾಯಿಲೆ, ಅದರಲ್ಲೂ ಎದೆಯ ಯಾವ ತೊಂದರೆಗಾದರೂ ಹೊದಿಸಬಹುದಾದ ಕಂಬಳಿ. ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ನಮ್ಮವರೂ ಹಾಗೆಯೇ. ನೋವನ್ನು ತಾಯ್ನುಡಿಯಲ್ಲಿ ಹೇಳಿ, ಅದನ್ನು ಬದಿಗಿಡಲು ಇಂಗ್ಲಿಷ್ ಬಳಸುತ್ತಿದ್ದರು. ಹಾಗಾಗಿ ಹಿರಿಯರ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೆ: ಈ ಕಥೆಯನ್ನು ಅಚ್ಚಗನ್ನಡಕ್ಕೆ ತಿದ್ದಿದರೆ ಅಮ್ಮ ಎಲ್ಲಿ ಸುಳ್ಳು ಹೇಳಿದಳು ಎಂಬುದು ಅಳಿಸಿಹೋಗುತ್ತದೆ.

ಮಗಳ ಇಂಗ್ಲಿಷಿನ ಬಗ್ಗೆ ಅಷ್ಟು ಹೇಳಲಾರೆ. ಅವಳೂ ಏನನ್ನೋ ಮುಚ್ಚಿಡುತ್ತಿದ್ದಾಳೆ, ಬಹುಶಃ ಕೆಲಸ ಹೋಗಿದೆ. ಆ ಎಳೆಯನ್ನು ಕಥೆಗಾರ್ತಿ ಹಿಡಿದು ಅರ್ಧಕ್ಕೆ ಬಿಟ್ಟಿದ್ದಾರೆ.

ಕಥೆಯ ಗಂಟು ಇರುವುದು ಜನವರಿ ಕೊನೆಯ ಒಂದು ಮಾತಿನಲ್ಲಿ. ಅವರೆಕಾಯಿ ಕಾಲ. ಹಿಂದಿನ ದಿನ ಅಮ್ಮ, ಕಾಳು ಬಿಡಿಸಿ ನೀರಿಗೆ ಹಾಕಿದ್ದೇನೆ ಎಂದು ಬರೆದಿದ್ದಾಳೆ. ಸಿಪ್ಪೆ ಉಬ್ಬಿದರೆ ಬೆರಳಲ್ಲಿ ಹಿಚುಕಿ ಬೇಳೆ ತೆಗೆಯುವುದು ಸುಲಭ. ಮರುದಿನ ಅಮ್ಮನಿಂದ ಎರಡೇ ಪದ ಬರುತ್ತವೆ. ಇದನ್ನು ಇದ್ದಂತೆಯೇ ಕೊಡಬೇಕು:

kaalu oodkondide

ಮಗಳು ತಕ್ಷಣ ಉತ್ತರಿಸುತ್ತಾಳೆ: "ಸೂಪರ್! ಹಿದಕವರೆ ಸಾರಾ? ಐ ಆಮ್ ಸೋ ಜೆಲಸ್." ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಪರದೆಯ ಮೇಲೆ This message was deleted ಎಂದು ಬರುತ್ತದೆ. ಅದರ ಕೆಳಗೆ, "ಹೂಂ ಕಣೆ."

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಲಕಾರ ಳಕಾರಗಳು ಒಂದೇ ಆಗಿಬಿಡುತ್ತವೆ. ನ, ಣಗಳ ಗತಿಯೂ ಅಷ್ಟೆ. ಸಾಮಾನ್ಯವಾಗಿ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಲ್ಲಿ ಸಂದರ್ಭವೇ ಮೋಸ ಮಾಡಿದೆ, ಏಕೆಂದರೆ ಹಿಂದಿನ ದಿನವೆಲ್ಲ ಅವರೆಕಾಳಿನ ಮಾತೇ ಆಗಿತ್ತು. ಓದುಬಳಗದಲ್ಲಿ ನಾವೂ ಕಾಳೆಂದೇ ಕೇಳಿಸಿಕೊಂಡೆವು. ಕಥೆಗಾರ್ತಿ ಅದನ್ನು ಓದುವಾಗ ಎರಡೂ ಅಲ್ಲದಂತೆ ಉಚ್ಚರಿಸಿ ಮುಂದೆ ಹೋಗಿದ್ದರು, ಈಗ ನೆನಪಾಗುತ್ತದೆ. ನಾಲ್ಕು ತಿಂಗಳಲ್ಲಿ ಅಮ್ಮ ತನ್ನ ಕಷ್ಟವನ್ನು ಬೇರೆ ಯಾವುದಕ್ಕೂ ಸುತ್ತದೆ ನೇರವಾಗಿ ಹೇಳಿದ್ದು ಅದೊಂದೇ ಸಲ. ಅದನ್ನು ಮಗಳು ಅಡುಗೆಯಾಗಿ ಓದಿದಳು, ಅಮ್ಮ ತಿದ್ದಲಿಲ್ಲ. ಅಳಿಸಿದ ಸಂದೇಶದಲ್ಲಿ ಏನಿತ್ತು ಎಂಬುದು ನಮಗೆ ಗೊತ್ತಾಗುವುದೇ ಇಲ್ಲ.

ನಾನು 1988ರಲ್ಲಿ ಈ ದೇಶಕ್ಕೆ ಬಂದಾಗ ನನ್ನಮ್ಮ ಏರೋಗ್ರಾಮ್ ಬರೆಯುತ್ತಿದ್ದಳು. "ಇಲ್ಲಿ ಎಲ್ಲರೂ ಕ್ಷೇಮ" ಎಂದು ಶುರುವಾಗಿ, ನೀಲಿ ಕಾಗದದ ಮಡಿಕೆಯವರೆಗೂ ತುಂಬಿರುತ್ತಿತ್ತು. ಕಾಗದದಲ್ಲಿ ಅಳಿಸಿದ್ದು ಕಾಣುತ್ತದೆ. ಹೊಡೆದುಹಾಕಿದ ಗೆರೆಯ ಕೆಳಗೆ ಅಕ್ಷರ ಉಳಿದಿರುತ್ತದೆ. ಒಮ್ಮೆ ಅವಳು "ಮೆಟ್ಟಿಲು" ಎಂದು ಬರೆದು ಹೊಡೆದುಹಾಕಿದ್ದಳು. ನಾನು ಆಗಲೇ ವೈದ್ಯ. ಏನೆಂದು ಕೇಳಲಿಲ್ಲ.

ಕಥೆಗೆ ಬರೋಣ. ಫೆಬ್ರವರಿಯಲ್ಲಿ ಅಮ್ಮ ಮಂಡಿನೋವು ಎನ್ನುತ್ತಾಳೆ. ಮಗಳು ಪ್ರೀತಿಯಿಂದಲೇ, "ಮೆಡಿಕಲ್ ಸ್ಟೋರಲ್ಲಿ ಪೇನ್‌ಕಿಲ್ಲರ್ ತಗೋಮ್ಮ, ಸುಮ್ನೆ ಸಹಿಸ್ಕೋಬೇಡ" ಎನ್ನುತ್ತಾಳೆ. ಇಲ್ಲಿ ಕಥೆಗಾರ್ತಿಯ ತಿಳಿವಳಿಕೆಗೆ ತಲೆಬಾಗಿದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಮೂತ್ರಪಿಂಡದಲ್ಲಿ ಉಪ್ಪು ನೀರನ್ನು ತಡೆಹಿಡಿಯುತ್ತವೆ. ಸೋಲುತ್ತಿರುವ ಹೃದಯಕ್ಕೆ ಅದು ಇನ್ನೊಂದು ಮೂಟೆ. ಗುಳಿಗೆ ಶುರುವಾದ ಮೇಲೆ ಅಮ್ಮನ ಸಂದೇಶಗಳು ಚಿಕ್ಕದಾಗುತ್ತವೆ, ದಿಂಬು ಮೂರಾಗುತ್ತದೆ, ಕೊನೆಗೆ "ಆರಾಮ್ ಚೇರಲ್ಲೇ ಮಲಗ್ತೀನಿ, ಅಲ್ಲೇ ಗಾಳಿ ಚೆನ್ನಾಗಿದೆ." ಮಗಳ ಸಲಹೆಯೇ ತಾಯಿಯನ್ನು ಆಸ್ಪತ್ರೆಗೆ ತಳ್ಳಿತು ಎಂದು ಯಾರೂ ಹೇಳುವುದಿಲ್ಲ. ಗೊತ್ತಿರುವವರಿಗೆ ಮಾತ್ರ ತಟ್ಟುತ್ತದೆ.

ಮಾರ್ಚಿನಲ್ಲಿ ನಾಲ್ಕು ದಿನ ಮಗಳ ಸಂದೇಶಗಳಷ್ಟೇ ಇವೆ, ಎಲ್ಲಕ್ಕೂ ಒಂದೇ ಬೂದು ಗೀಟು, ಅಂದರೆ ಅಲ್ಲಿಯ ಫೋನಿಗೆ ತಲುಪಿಲ್ಲ. ಐದನೆಯ ದಿನ ಅಮ್ಮನ ಸಂದೇಶ ಬರುತ್ತದೆ, ಮೊದಲ ಬಾರಿಗೆ ಕನ್ನಡ ಅಕ್ಷರಗಳಲ್ಲಿ. ಆಸ್ಪತ್ರೆಯ ನರ್ಸ್ ಹುಡುಗಿ ಕೀಲಿಮಣೆ ಬದಲಾಯಿಸಿ ಕೊಟ್ಟಳಂತೆ. "ನೀರೆಲ್ಲಾ ಇಳೀತು, ಗಾಬರಿ ಬೇಡ. ಅವತ್ತು ಹೇಳಿದ್ದು ಕಾಲು ಕಣೆ ಪುಟ್ಟಿ, ಕಾಳಲ್ಲ." ಅಲ್ಲಿಯವರೆಗೆ ತಡವಾಗಿ ಉತ್ತರಿಸಿದ್ದಕ್ಕೆಲ್ಲ ಹನ್ನೊಂದು ಸಲ "ಸಾರಿ" ಎಂದಿದ್ದ ಮಗಳು ಈಗ ಒಂದೇ ಪದ ಬರೆಯುತ್ತಾಳೆ: "ತಪ್ಪಾಯ್ತಮ್ಮ."

ಕಥೆ ಅಲ್ಲಿ ನಿಲ್ಲಬೇಕಿತ್ತು. ಆದರೆ ಇನ್ನೊಂದು ಪುಟವಿದೆ. ಅದರಲ್ಲಿ ಇಬ್ಬರೂ ಅಷ್ಟು ದಿನ ಹೇಳದೆ ಇದ್ದದ್ದನ್ನೆಲ್ಲ ಉದ್ದುದ್ದ ಸಂದೇಶಗಳಲ್ಲಿ ಬಿಡಿಸಿ ಹೇಳಿಕೊಳ್ಳುತ್ತಾರೆ, ಒಂದೇ ವಾರದಲ್ಲಿ ಅಮ್ಮ ಲೀಡ್ಸ್‌ಗೆ ವಿಮಾನ ಹತ್ತುತ್ತಾಳೆ. ಮೊದಲನೆಯದು ಕಥೆಗೆ ಹೊಂದುವುದಿಲ್ಲ, ಈ ಅಮ್ಮ ಹಾಗೆ ಬಿಡಿಸಿ ಹೇಳುವವಳಲ್ಲ. ಎರಡನೆಯದು ವೈದ್ಯಕೀಯವಾಗಿಯೂ ಒಪ್ಪುವಂಥದ್ದಲ್ಲ. ನೀರಿನ ಔಷಧಿಯಿಂದ ಬಾವು ಕೆಲವೇ ದಿನಗಳಲ್ಲಿ ಇಳಿಯುತ್ತದೆ, ನಿಜ. ಆದರೆ ಬಾವು ಇಳಿದರೆ ಹೃದಯ ಸರಿಯಾಯಿತೆಂದಲ್ಲ. ಮಾತ್ರೆಗಳ ಪ್ರಮಾಣವನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊಂದಿಸಬೇಕು, ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಒಂದೆರಡು ದಿನದಲ್ಲೇ ಒಂದೆರಡು ಕೇಜಿ ಏರಿದರೆ ನೀರು ಮತ್ತೆ ತುಂಬುತ್ತಿದೆ ಎಂದರ್ಥ. ಆಸ್ಪತ್ರೆಯಿಂದ ಬಂದ ವಾರಕ್ಕೇ ಅಂಥ ಪ್ರಯಾಣಕ್ಕೆ ನಾನಂತೂ ಸಹಿ ಹಾಕುತ್ತಿರಲಿಲ್ಲ.

ಇದನ್ನೆಲ್ಲ ಕಥೆಗಾರ್ತಿಗೆ ಫೋನಿನಲ್ಲಿ ಹೇಳಿದೆ. ತೂಕದ ವಿಚಾರ ಬರೆದುಕೊಂಡರು, ಪ್ರಯಾಣವನ್ನು ಜೂನಿಗೆ ಹಾಕುತ್ತೇನೆ ಎಂದರು. ಕೊನೆಯ ಪುಟ ತೆಗೆಯಲು ಮಾತ್ರ ಒಪ್ಪಲಿಲ್ಲ. "ಡಾಕ್ಟ್ರೇ, ಕಥೇಲಾದ್ರೂ ಅಮ್ಮ ಬರಲಿ ಬಿಡಿ," ಎಂದರು.