ಐತಿ, ಅದ, ಇದೆ: 'ಗ್ರಾಮಾಯಣ'ದ ಸಂಭಾಷಣೆ

ರಾವಬಹಾದ್ದೂರರ 'ಗ್ರಾಮಾಯಣ'ದ ನಿರೂಪಣೆ ಗ್ರಾಂಥಿಕ ಕನ್ನಡದಲ್ಲಿದೆ, ಸಂಭಾಷಣೆ ಉತ್ತರ ಕರ್ನಾಟಕದ ಆಡುನುಡಿಯಲ್ಲಿ. ಇದನ್ನು 'ಪ್ರಾದೇಶಿಕ ಸೊಗಡು' ಎಂದು ಮೆಚ್ಚಿ ಮುಂದೆ ಸಾಗುವ ವಿಮರ್ಶೆಯನ್ನು ನಾವು ಒಪ್ಪೆವು. ಆ ಆಡುನುಡಿ ಒಂದೇ ಅಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತ ಒಕ್ಕಲು ಮನೆಗಳಲ್ಲಿ ಸಾಮಾನ್ಯವಾಗಿ 'ಕೆಲಸ ಐತಿ', ಬ್ರಾಹ್ಮಣ ಮನೆಗಳಲ್ಲಿ 'ಕೆಲಸ ಅದ', ಶಾಲೆ ಕಚೇರಿಗಳ ಬರಹದಲ್ಲಿ 'ಕೆಲಸ ಇದೆ'.

ಇಂಥ ಸಂಭಾಷಣೆಯಲ್ಲಿ 'ಐತಿ' ಎನ್ನುವ ಪಾತ್ರ ಅಧಿಕಾರಿಯೆದುರು 'ಇದೆ' ಎಂದು, ಮನೆಗೆ ಮರಳಿ ಮತ್ತೆ 'ಐತಿ' ಎಂದರೆ, ಆ ನುಡಿಪಲ್ಲಟ ಹುಟ್ಟಿಗಿಂತ ಅಧಿಕಾರದ ಅಳುಕನ್ನು ಹೇಳುತ್ತದೆ. ಕೇಳುಗ ಬದಲಾಗದೆಯೇ ರೂಪಗಳು ಬೆರೆತಿದ್ದರೆ ಮೊದಲು ಕರಡು ತಿದ್ದಿದ ಕೈಯನ್ನು ಶಂಕಿಸಿ, ಮುದ್ರಣಗಳನ್ನು ಹೋಲಿಸಬೇಕು. ಕಲಬುರಗಿಯ ಕಡೆ 'ಅದ' ಹಲವು ಸಮುದಾಯಗಳ ಮಾತಾದ್ದರಿಂದ, ಅಲ್ಲಿನ ಕಾದಂಬರಿಗೆ ಈ ಜಾತಿಸೂಚನೆಯನ್ನು ಹಚ್ಚಲಾಗದು.