ಗೀರು ಬೀಳದ ಗಾಜು, ಗೀರು ಮಾಯುವ ಗಾಜು

ವಾಚ್ ಅಂಗಡಿಗೆ ಹೋದರೆ ಈಗ ಮೊದಲು ಕಿವಿಗೆ ಬೀಳುವ ಮಾತು, ‘ಸಫೈರ್ ಗ್ಲಾಸ್ ಸರ್, ಸ್ಕ್ರ್ಯಾಚೇ ಆಗಲ್ಲ.’ ರಿವ್ಯೂ ಬರೆಯೋರದ್ದೂ ಅದೇ ಲೆಕ್ಕ. ಸಫೈರ್ ಇದ್ದರೆ ಫಸ್ಟ್ ಕ್ಲಾಸು, ಮಿನರಲ್ ಗ್ಲಾಸ್ ಇದ್ದರೆ ಜಸ್ಟ್ ಪಾಸು, ಅಕ್ರಿಲಿಕ್ ಅಂದರೆ ಫೇಲು. ಈ ಅಂಕಪಟ್ಟಿಯ ಮೇಲೆ ನನಗೊಂದು ತಕರಾರಿದೆ. ಗಾಜಿಗೆ ಗೀರು ಬೀಳುತ್ತಾ ಅಂತ ಅದು ಕೇಳುತ್ತೆ, ಬಿದ್ದ ಮೇಲೆ ಏನು ಗತಿ ಅಂತ ಕೇಳೋದೇ ಇಲ್ಲ.

ಗೀರು ಹಾಕುವುದು ಯಾವುದು ಅಂತ ಮೊದಲು ನೋಡೋಣ. ಕಲ್ಲು-ಖನಿಜಗಳ ಗಟ್ಟಿತನ ಅಳೆಯೋಕೆ ಮೋಸ್ ಅನ್ನುವ ಮಾಪಕವಿದೆ. ಅದರಲ್ಲಿ ವಜ್ರ 10, ಸಫೈರ್ 9, ಮಿನರಲ್ ಗ್ಲಾಸ್ ಹೆಚ್ಚುಕಮ್ಮಿ 5.5, ಅಕ್ರಿಲಿಕ್ ಸುಮಾರು 3. ಮರಳಿನಲ್ಲಿರುವ ಬೆಣಚುಕಲ್ಲಿನ ಕಣ 7. ಇಡೀ ಕಥೆ ಇರೋದು ಈ ಏಳರಲ್ಲೇ. ನಮ್ಮ ಸಿರಿಗೇರಿಯಲ್ಲಿ ಬೇಸಿಗೆಗೆ ಒಂದು ಸಲ ರಸ್ತೆಗೆ ಇಳಿದು ಬಂದರೆ ವಾಚಿನ ಮೇಲೆ ಧೂಳಿನ ಪದರ ಕೂತಿರುತ್ತೆ, ಅದರಲ್ಲಿ ಮರಳಿನ ಕಣಗಳೂ ಇರುತ್ತವೆ. ಅದನ್ನು ಅಂಗಿಯ ತುದಿಯಿಂದ ಒಣಗಿದ್ದಾಗಲೇ ಒರೆಸಿದಿರೋ, ಮಿನರಲ್ ಗ್ಲಾಸಿಗೂ ಅಕ್ರಿಲಿಕ್‌ಗೂ ಗೀರು ಗ್ಯಾರಂಟಿ. ಸಫೈರ್‌ಗೆ ಮಾತ್ರ ಏನೂ ಆಗಲ್ಲ.

ಹಾಗಾಗಿ ಸಫೈರ್‌ನವರ ಮಾತು ಸುಳ್ಳಲ್ಲ, ಅರ್ಧ ಸತ್ಯ. ವಜ್ರದ ಉಂಗುರ ತಾಗಿದರೆ, ಬಡಗಿಯ ವಾಟರ್ ಪೇಪರ್ ಉಜ್ಜಿದರೆ ಸಫೈರ್‌ಗೂ ಗೀರು ಬೀಳುತ್ತೆ. ಎಷ್ಟೋ ಸಲ ‘ಸಫೈರ್ ಸ್ಕ್ರ್ಯಾಚ್ ಆಯ್ತು’ ಅಂತ ಗೋಳಾಡೋರ ವಾಚಿನಲ್ಲಿ ಗೀಚಿರೋದು ಗಾಜಲ್ಲ, ಪ್ರತಿಫಲನ ತಡೆಯಲು ಅದರ ಮೇಲೆ ಹಚ್ಚಿದ ತೆಳು ಲೇಪನ. ಇನ್ನು ಕೆಲವು ಗೆರೆಗಳು ಬಾಗಿಲ ಚಿಲಕದಂಥ ಮೆತ್ತನೆ ಲೋಹ ಉಜ್ಜಿ ಉಳಿಸಿಹೋದ ಗುರುತು ಅಷ್ಟೇ, ಪೆನ್ಸಿಲ್ ರಬ್ಬರಿನಿಂದ ತಿಕ್ಕಿದರೆ ಹೋಗುತ್ತೆ. ಆದರೆ ಗಟ್ಟಿ ಇರೋದಕ್ಕೆಲ್ಲ ಬಾಗೋ ಗುಣ ಕಮ್ಮಿ. ಗ್ರಾನೈಟ್ ನೆಲಕ್ಕೆ ಅಂಚು ತಾಗಿ ಬಿದ್ದರೆ ಸಫೈರ್ ಚಕ್ಕೆ ಏಳುತ್ತೆ, ಇಲ್ಲ ಒಡೆದೇ ಹೋಗುತ್ತೆ. ಆಮೇಲೆ ಪೂರ್ತಿ ಗಾಜು ಬದಲಿಸಬೇಕು, ಮೂರರಲ್ಲಿ ದುಬಾರಿ ರಿಪೇರಿ ಇದೇ.

ಮಿನರಲ್ ಗ್ಲಾಸ್ ನಡುವಿನದು. ಪೆಟ್ಟಿಗೆ ಸಫೈರ್‌ಗಿಂತ ಚೆನ್ನಾಗಿ ತಡೆಯುತ್ತೆ, ಮರಳಿಗೆ ಸೋಲುತ್ತೆ. ಬಿದ್ದ ಗೀರನ್ನು ಸೀರಿಯಂ ಆಕ್ಸೈಡ್ ಪುಡಿ ಹಾಕಿ ತೆಗೆಯೋರಿದ್ದಾರೆ. ಆದರೆ ಗಂಟೆಗಟ್ಟಲೆ ತಿಕ್ಕಬೇಕು, ಕೊನೆಗೆ ಗಾಜು ತಗ್ಗಾಗಿ ಅಂಕಿಗಳು ಸೊಟ್ಟಗೆ ಕಾಣೋ ಅಪಾಯವೂ ಇದೆ. ಬದಲಿಸೋದೇ ಅಗ್ಗ.

ಈಗ ಫೇಲಾದವನ ಕಡೆ ಬರೋಣ. 1961ರಲ್ಲಿ ಜಪಾನಿನ ಸಿಟಿಝನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯ್ತು. ಅಲ್ಲಿಂದ ಬಂದ ಜನತಾದಂಥ ಕೀಲಿ ಕೊಡುವ ವಾಚುಗಳ ‘ಗಾಜು’ ಅಕ್ರಿಲಿಕ್. ನಮ್ಮ ಸೋದರಮಾವನ ಜನತಾ ಗದ್ದೆ ಕೆಲಸದಲ್ಲಿ ಮುಖ ಪೂರ್ತಿ ಮಂಕಾಗಿತ್ತು. ‘ಗಾಜು ಬದಲಿಸೋಣೇನು ಮಾವ?’ ಅಂದರೆ ನಕ್ಕು, ‘ಗಾಜೆಲ್ಲೈತಪಾ ಅದು, ಪ್ಲಾಸ್ಟಿಕ್. ತಿಕ್ಕಿದ್ರ ಹೋಗ್ತೈತಿ’ ಅಂದರು.

ತಿಕ್ಕೋಕೂ ಕ್ರಮವಿದೆ. ಮೊದಲು ಧೂಳನ್ನು ಊದಿ, ಒದ್ದೆ ಹತ್ತಿಯಿಂದ ಮೆಲ್ಲಗೆ ತೆಗೆದೆ. ಗಾಜಿನ ಸುತ್ತ ಕೇಸಿಗೆ ಪೇಪರ್ ಟೇಪ್ ಅಂಟಿಸಿದೆ. ಪಾಲಿಶ್ ತಾಗಿದರೆ ಹಳೇ ವಾಚಿನ ಲೇಪನ ಕಿತ್ತು ಬರುತ್ತೆ. ಆಮೇಲೆ ಉಗುರಿನ ಪರೀಕ್ಷೆ. ಗೀರಿನ ಮೇಲೆ ಉಗುರು ಆಡಿಸಿದಾಗ ಅದು ಸಿಕ್ಕಿಕೊಳ್ಳದಿದ್ದರೆ ಪಾಲಿಶ್ ಸಾಕು. ಬಿಳಿ ಟೂತ್‌ಪೇಸ್ಟ್ (ಜೆಲ್ ಅಲ್ಲ) ಇಲ್ಲವೇ ಬ್ರಾಸೊವನ್ನು ಕಡಲೆಕಾಳಿನಷ್ಟು ಮೆತ್ತನೆ ಬಟ್ಟೆಗೆ ಹಚ್ಚಿ ಎರಡು-ಮೂರು ನಿಮಿಷ ಸುತ್ತ ಉಜ್ಜೋದು, ಒರೆಸಿ ಬೆಳಕಿಗೆ ಹಿಡಿದು ನೋಡೋದು, ಬೇಕಿದ್ದರೆ ಇನ್ನೊಮ್ಮೆ. ಮಾವನ ವಾಚಿನಲ್ಲಿ ಒಂದು ಗೀರಿಗೆ ಉಗುರು ಸಿಕ್ಕಿತು. ಅದಕ್ಕೆ 1500 ನಂಬರಿನ ವಾಟರ್ ಪೇಪರಿಗೆ ಒಂದೆರಡು ಹನಿ ನೀರು ಹಾಕಿ ಗೀರು ಮಾಯವಾಗೋವರೆಗೆ ತಿಕ್ಕಿ, ಆಮೇಲೆ 2000, ಕೊನೆಗೆ ಬ್ರಾಸೊ. ಪೇಪರ್ ಹಿಡಿದಾಗ ಇಡೀ ಮುಖ ಹಾಲಿನ ಹಾಗೆ ಬೆಳ್ಳಗಾಗುತ್ತೆ, ಹೆದರಬೇಡಿ, ಪಾಲಿಶ್‌ಗೆ ತಿಳಿಯಾಗುತ್ತೆ. ನೀರು ಮಾತ್ರ ಹನಿ ಲೆಕ್ಕದಲ್ಲೇ ಇರಲಿ, ಇಂಥ ವಾಚಿನ ಒಳಗೆ ನೀರು ಇಳಿಯೋಕೆ ತಡವಿಲ್ಲ.

ಇದಕ್ಕೂ ಮಿತಿ ಇದೆ. ಒಳಗಿಳಿದ ಬಿರುಕು ಪಾಲಿಶ್‌ಗೆ ಹೋಗಲ್ಲ. ವಾಚನ್ನು ಓರೆ ಮಾಡಿದಾಗ ಗೆರೆ ಗಾಜಿನ ಒಳಗೆ ಕನ್ನಡಿಯಂತೆ ಮಿಂಚಿದರೆ ಅದು ಬಿರುಕು, ಬದಲಿಸಿ. ಮೋಟರ್ ಬಫ್ ಹಿಡಿದರೆ ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತೆ. ಸ್ಯಾನಿಟೈಸರ್, ತಿನ್ನರ್ ಹಚ್ಚಿದರೆ ಜೇಡರ ಬಲೆಯಂಥ ಸಣ್ಣ ಬಿರುಕು ಏಳುತ್ತೆ.

ದಿನಾ ಲ್ಯಾಪ್‌ಟಾಪ್ ಮುಂದೆ ಕೂರೋರಿಗೆ, ವಾಚಿನ ಕಡೆ ತಲೆ ಕೆಡಿಸಿಕೊಳ್ಳದವರಿಗೆ ಸಫೈರ್ ಸರಿಯೇ, ನಾನು ಅದಕ್ಕೆ ಫೇಲ್ ಕೊಡಲ್ಲ. ಆದರೆ ಅಕ್ರಿಲಿಕ್ ಅನ್ನು ಕಳಪೆ ಅಂತ ತೆಗೆದುಹಾಕೋದು ಅನ್ಯಾಯ. ಬೀಳುವ ಗೀರನ್ನು ಮನೆಯಲ್ಲೇ ಹತ್ತಿಪ್ಪತ್ತು ನಿಮಿಷಕ್ಕೆ ತೆಗೆಯಬಹುದಾದ ಗಾಜು ಮೂರರಲ್ಲಿ ಅದೊಂದೇ.